ನೋಡೋಣಪ್ಪ ಮುಚ್ಚಿದ ಟಿಕೆಟ್‌ಗಳು

ನಮ್ಮ ಭಾವ ಯಾರಿಗೂ ‘ಇಲ್ಲ’ ಎಂದವರಲ್ಲ ಎಂದರೆ ಕೇಳಿದವರು ಅದನ್ನು ಹೊಗಳಿಕೆ ಎಂದುಕೊಳ್ಳುತ್ತಾರೆ. ನಾನು ಹೊಗಳುತ್ತಿಲ್ಲ. ಮನೆಯಲ್ಲಿ ಅವರ ನಾದಿನಿ, ಆಫೀಸಿನಲ್ಲಿ ಅವರ ಪಕ್ಕದ ಮೇಜಿನವಳು. ಎರಡೂ ಕಡೆಯಿಂದ ನೋಡಿ ಹೇಳುತ್ತಿದ್ದೇನೆ, ಅದೊಂದು ಕಾಯಿಲೆ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವರಿಗೆ ನೋಡೋಣಪ್ಪ ಎಂದೇ ಹೆಸರು. ಯಾರು ಏನು ಕೇಳಿದರೂ ಕನ್ನಡಕ ಒಂದು ಸಲ ಮೇಲೇರಿಸಿ, ತಲೆ ಎಡಕ್ಕೆ ವಾಲಿಸಿ, ‘ನೋಡೋಣ’ ಎನ್ನುತ್ತಿದ್ದರು. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಹೇಳುವ ಧ್ವನಿ ಎಷ್ಟು ಮೃದುವಾಗಿರುತ್ತಿತ್ತೆಂದರೆ ಕೇಳಿದವರು ಕೆಲಸ ಅರ್ಧ ಆದ ಹಾಗೆಯೇ ಎಂದುಕೊಂಡು ಹೋಗುತ್ತಿದ್ದರು. ಅಕ್ಕನನ್ನು ನೋಡಲು ಬಂದ ದಿನ ನಮ್ಮಪ್ಪ ‘ಹುಡುಗಿ ಒಪ್ಪಿಗೆಯೇ?’ ಎಂದು ಕೇಳಿದ್ದಕ್ಕೂ ಭಾವ ನೋಡೋಣ ಎಂದಿದ್ದರಂತೆ. ಅಪ್ಪ ಅದನ್ನು ಹೌದು ಎಂದು ತಿಳಿದು ಮದುವೆ ಮಾಡಿಯೇಬಿಟ್ಟರು. ಮದುವೆ ಚೆನ್ನಾಗಿಯೇ ನಡೆದುಕೊಂಡು ಬಂದಿದೆ, ಅದು ಬೇರೆ ಮಾತು. ಆದರೆ ಅಕ್ಕನ ಬಚ್ಚಲುಮನೆಯ ನಲ್ಲಿ ಮಗ ಹೈಸ್ಕೂಲಿಗೆ ಸೇರಿದಾಗಿನಿಂದ ಸೋರುತ್ತಿತ್ತು. ಮಗ ಕಾಲೇಜು ಮುಗಿಸಿದ. ನಲ್ಲಿಯ ಕೆಳಗಿನ ಬಕೆಟ್ ಮಾತ್ರ ಅಲ್ಲೇ ಇತ್ತು.

ಭಾವ ಕೆಲಸಕ್ಕೆ ಸೇರಿದ್ದು ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ. ಕಂಪ್ಯೂಟರ್ ಬಂದ ಮೇಲೆ, ಎಲ್ಲರ ದೂರನ್ನೂ ತಾಳ್ಮೆಯಿಂದ ಕೇಳುವ ಮನುಷ್ಯ ಎಂದು ನಮ್ಮ ವಿಭಾಗಕ್ಕೆ ಎಳೆದುಕೊಂಡರು. ವಾರ್ಡು, ಲ್ಯಾಬು, ಔಷಧಾಲಯ, ಲೆಕ್ಕಪತ್ರ, ಯಾರಿಗೆ ಸಾಫ್ಟ್‌ವೇರಿನಲ್ಲಿ ಏನು ಬದಲಾವಣೆ ಬೇಕಾದರೂ ಅದನ್ನು ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಅದಕ್ಕೊಂದು ಟಿಕೆಟ್, ಅಂದರೆ ಕೋರಿಕೆಯ ಚೀಟಿ, ಮಾಡಿ ಸಾಲಿಗೆ ಸೇರಿಸುವುದು ಅವರ ಕೆಲಸ. ಯಾವುದು ಮೊದಲು, ಯಾವುದು ಆಮೇಲೆ ಎಂದು ಪ್ರೋಗ್ರಾಮರುಗಳ ಜೊತೆ ಕೂತು ತೀರ್ಮಾನಿಸುವುದೂ, ಕೇಳಿದವರಿಗೆ ತಿಳಿಸುವುದೂ ಅವರದೇ. ಮೊದಲಿನದನ್ನು ಹೂವು ಎತ್ತಿದ ಹಾಗೆ ಮಾಡುತ್ತಿದ್ದರು. ಕೊನೆಯದಕ್ಕೆ ಬಂದಾಗ ಅವರ ಬಾಯಿಗೆ ಬೀಗ. ಹೀಗಾಗಿ ಟಿಕೆಟ್‌ಗಳ ಸಾಲು ಬೆಳೆಯಿತು, ಬೆಳೆಯಿತು, ಕೊನೆಗೆ ಅದರಲ್ಲಿ ಏನಿದೆ ಎಂಬುದು ಅದನ್ನು ಬೆಳೆಸಿದವರಿಗೇ ಗೊತ್ತಾಗದಷ್ಟು ಬೆಳೆಯಿತು. ಕೆಡವಿ ಹಾಕಿದ ಹಳೇ ಕಟ್ಟಡದ ಪ್ರಿಂಟರ್ ಬಗ್ಗೆಯೂ ಅದರಲ್ಲೊಂದು ಟಿಕೆಟ್ ಇತ್ತು. ಆ ಪ್ರಿಂಟರ್ ನಿಧಾನವಂತೆ.

ಆ ರಾಶಿಯಲ್ಲಿ ಏಳನೇ ವಾರ್ಡಿನ ದೊಡ್ಡ ಸಿಸ್ಟರದೂ ಒಂದು ಟಿಕೆಟ್ ಇತ್ತು. ದೊಡ್ಡ ಸಿಸ್ಟರ್ ಎಂದರೆ ಆ ವಾರ್ಡಿನ ನರ್ಸುಗಳಿಗೆಲ್ಲ ಮುಖ್ಯಸ್ಥೆ. ಎತ್ತರದಲ್ಲಿ ಎಲ್ಲರಿಗಿಂತ ಚಿಕ್ಕವರು. ಅವರು ಕೇಳಿದ್ದು ಒಂದೇ. ಶಿಫ್ಟ್ ಬದಲಾಗುವಾಗ ಇಡೀ ವಾರ್ಡಿನ ರೋಗಿಗಳ ವಿವರ ಒಂದೇ ಹಾಳೆಯಲ್ಲಿ ಪ್ರಿಂಟ್ ಆಗಬೇಕು: ಹಾಸಿಗೆ ಸಂಖ್ಯೆ, ಹೆಸರು, ಯಾವ ಡ್ರಿಪ್ ಓಡುತ್ತಿದೆ, ಯಾವ ಪರೀಕ್ಷೆಯ ಫಲಿತಾಂಶ ಬರಬೇಕು, ಯಾರ ಮೇಲೆ ಕಣ್ಣಿಡಬೇಕು. ನಮ್ಮ ಸಾಫ್ಟ್‌ವೇರು ಒಬ್ಬೊಬ್ಬ ರೋಗಿಗೆ ಒಂದೊಂದು ಪುಟ ಕೊಡುತ್ತಿತ್ತೇ ಹೊರತು ಇಡೀ ವಾರ್ಡಿಗೆ ಒಂದು ಹಾಳೆ ಕೊಡುತ್ತಿರಲಿಲ್ಲ. ಹಾಗಾಗಿ ಪ್ರತಿ ಶಿಫ್ಟಿಗೆ ಬರುವ ಹುಡುಗಿಯರು ಅರ್ಧ ಗಂಟೆ ಮುಂಚೆಯೇ ಬಂದು, ಪರದೆ ನೋಡಿ ನೋಡಿ ಕೈಯಲ್ಲೇ ಹಾಳೆಗೆ ಇಳಿಸಿಕೊಳ್ಳುತ್ತಿದ್ದರು. ಆ ಅರ್ಧ ಗಂಟೆ ಯಾರ ಹಾಜರಿಯಲ್ಲೂ ಇಲ್ಲ.

ರೋಗಿಗಳ ವಿವರದ ಆ ಸಾಫ್ಟ್‌ವೇರ್ ನಾವು ಬರೆದದ್ದಲ್ಲ, ಹೊರಗಿನ ಕಂಪನಿಯಿಂದ ಕೊಂಡದ್ದು. ಭಾವ ಅವರನ್ನು ಕೇಳಿದ್ದರು. ಹಳೇ ಆವೃತ್ತಿಗೆ ಹೊಸದೇನೂ ಸೇರಿಸುವುದಿಲ್ಲ ಎಂದು ಕಂಪನಿಯವರು ಖಡಾಖಂಡಿತವಾಗಿ ಉತ್ತರ ಕೊಟ್ಟಿದ್ದರು. ಭಾವ ಅದನ್ನು ಟಿಕೆಟ್‌ನೊಳಗೆ ಕೇಳಿದವರ ಕಣ್ಣಿಗೆ ಬೀಳದ ಟಿಪ್ಪಣಿಯಾಗಿ ಬರೆದಿಟ್ಟರು. ಸಿಸ್ಟರಿಗೆ ಹೇಳಲಿಲ್ಲ. ಸಿಸ್ಟರ್ ಎರಡು ಸಲ ‘ಏನಾಯ್ತು?’ ಎಂದು ಬರೆದಾಗ ಫೋನ್ ಮಾಡಿ, “ಮತ್ತೆ ಮತ್ತೆ ಬರೆಯೋ ತೊಂದ್ರೆ ತಗೋಬೇಡಿ ಸಿಸ್ಟರ್, ನನ್ನ ತಲೇಲಿದೆ, ನೋಡೋಣ” ಎಂದಿದ್ದರು. ನಾನು ಪಕ್ಕದಲ್ಲೇ ಇದ್ದೆ. ಸಿಸ್ಟರ್ ಮಾತಿಗೆ ಬೆಲೆ ಕೊಡುವ ಹೆಂಗಸು. ಆಮೇಲೆ ಒಂದಕ್ಷರ ಬರೆಯಲಿಲ್ಲ.

“ಯಾಕೆ ಭಾವ ಪಾಪದವರ ಮೂಗಿಗೆ ತುಪ್ಪ ಸವರ್ತೀರ? ಆಗಲ್ಲ ಅಂತ ಹೇಳಿಬಿಡಿ” ಎಂದೆ.

“ಹೇಗಮ್ಮ ಹೇಳೋದು? ಅವರ ಮುಖ ನೋಡಿದ್ದೀಯಾ ನೀನು?”

“ಫೋನಲ್ಲಿ ಮುಖ ಎಲ್ಲಿ ಕಾಣತ್ತೆ?”

“ನನಗೆ ಕಾಣತ್ತೆ” ಎಂದರು ಭಾವ. ಇಂಥವರ ಜೊತೆ ಏನು ಜಗಳ ಮಾಡುವುದು.

ಹೀಗಿರುವಾಗ ನಮ್ಮ ವಿಭಾಗಕ್ಕೆ ಹೊಸ ಬಾಸ್ ಬಂದರು. ವಯಸ್ಸಿನಲ್ಲಿ ಭಾವನಿಗಿಂತ ಸಾಕಷ್ಟು ಚಿಕ್ಕವರು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಬಂದ ವಾರದಲ್ಲೇ ಟಿಕೆಟ್‌ಗಳ ಸಾಲನ್ನು ಮೇಲಿನಿಂದ ಕೆಳಗೆ ಸರಿಸುತ್ತಾ ಕೂತರು. ಟೀ ಬಂತು, ಆರಿತು. ಅವರ ಬೆರಳು ಇನ್ನೂ ಸರಿಸುತ್ತಲೇ ಇತ್ತು.

“ಇದರಲ್ಲಿ ನಾವು ನಿಜವಾಗಿ ಮಾಡೋದು ಎಷ್ಟು?” ಎಂದು ಕೇಳಿದರು.

“ಒಂದೊಂದಾಗಿ ನೋಡೋಣ ಅಂತ…” ಎಂದರು ಭಾವ.

ಬಾಸ್ ಮರುದಿನ ಎಲ್ಲರನ್ನೂ ಕೂರಿಸಿಕೊಂಡು ನಿಯಮ ಹೇಳಿದರು. ಒಂದು ವರ್ಷದಿಂದ ಯಾರೂ ಮುಟ್ಟದ ಟಿಕೆಟ್‌ಗಳನ್ನು ಮುಚ್ಚುವುದು. ರೋಗಿಗಳ ಸುರಕ್ಷತೆ, ಮಾಹಿತಿಯ ಭದ್ರತೆ, ಕಾನೂನು, ಈ ಮೂರಕ್ಕೆ ಸಂಬಂಧಿಸಿದವನ್ನು ಮಾತ್ರ ತೆಗೆದಿಟ್ಟು ಒಂದೊಂದಾಗಿ ಓದುವುದು. ಮುಚ್ಚುವುದು ಎಂದರೆ ಅಳಿಸುವುದಲ್ಲ. ‘ಮಾಡುವುದಿಲ್ಲ’ ಎಂಬ ಕಾರಣದೊಡನೆ ಅದು ಅಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಬೇಕಾದರೆ ಮತ್ತೆ ತೆರೆಯಬಹುದು. ಮುಚ್ಚುವ ಮೊದಲು ಕೇಳಿದವರಿಗೆಲ್ಲ ತಿಳಿಸಬೇಕು, ಎರಡು ವಾರ ಸಮಯ ಕೊಡಬೇಕು, ಬೇಕೇ ಬೇಕು ಎಂದವರ ಜೊತೆ ಮಾತಾಡಬೇಕು.

“ಕದ್ದು ಮುಚ್ಚೋದು ಬೇಡ. ಸುಳ್ಳು ಸಮಾಧಾನವೂ ಬೇಡ” ಎಂದರು.

ಭಾವನ ಮುಖದಲ್ಲಿ ರಕ್ತ ಇರಲಿಲ್ಲ. “ಸರ್, ಅವರೆಲ್ಲ ಕಾಯ್ತಿದ್ದಾರೆ” ಎಂದರು.

“ಅದಕ್ಕೇ” ಎಂದರು ಬಾಸ್.

ಮುಚ್ಚಬೇಕಾದವನ್ನು ಗುರುತು ಮಾಡಿ ಎಂದು ಅವರು ಭಾವನಿಗೆ ಹೇಳಿದ್ದೇ ತಪ್ಪಾಯಿತು. ಭಾವ ವರ್ಷ ಮೀರಿದ ಟಿಕೆಟ್‌ಗಳನ್ನೆಲ್ಲ ಹುಡುಕಿ, ಎಲ್ಲವನ್ನೂ ಒಟ್ಟಿಗೆ ಆಯ್ಕೆ ಮಾಡಿ, ‘ಹಳೆಯದು’ ಎಂಬ ಲೇಬಲ್ ಅಂಟಿಸಿದರು. ನಮ್ಮ ಕೆಲಸದವರಿಗೆ ಮಾತ್ರ ಸಾಧ್ಯವಾದ ಪೆದ್ದುತನ ಇದು. ಲೇಬಲ್ ಅಂಟಿಸುವುದೂ ಮುಟ್ಟಿದ ಹಾಗೆಯೇ ಲೆಕ್ಕ. ಆ ಕ್ಷಣದಲ್ಲಿ ಪ್ರತಿಯೊಂದು ಟಿಕೆಟ್‌ನ ‘ಕೊನೆಯ ಬದಲಾವಣೆ’ ಎಂಬ ತಾರೀಖು ಅಂದಿನದಾಯಿತು. ಬೆಳಿಗ್ಗೆ ಬಾಸ್ ಬಂದು ವರ್ಷದಿಂದ ಮುಟ್ಟದ್ದು ಎಷ್ಟಿದೆ ಎಂದು ಹುಡುಕಿದರೆ ಉತ್ತರ ಸೊನ್ನೆ. ಮುದುಕರೆಲ್ಲ ಒಂದೇ ರಾತ್ರಿಗೆ ಕೂಸುಗಳಾಗಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಬದಲಾವಣೆಯಾದರೆ ಕೇಳಿದವರಿಗೆ ತಾನಾಗಿಯೇ ಇ-ಮೇಲ್ ಕಳಿಸುವ ಆಯ್ಕೆಯ ಮುಂದಿನ ಗುರುತನ್ನು ತೆಗೆಯಲು ಭಾವ ಮರೆತಿದ್ದರು. ‘ನಿಮ್ಮ ಟಿಕೆಟ್‌ನಲ್ಲಿ ಬದಲಾವಣೆಯಾಗಿದೆ’ ಎಂಬ ಮೇಲು ಒಂದೊಂದು ಟಿಕೆಟ್‌ಗೆ ಒಂದೊಂದರಂತೆ ಆಸ್ಪತ್ರೆಯ ಮೂಲೆಮೂಲೆಗೂ ಹೋಗಿತ್ತು. ಔಷಧಾಲಯದ ಮುಖ್ಯಸ್ಥರು ಕೃತಜ್ಞತೆಯ ಉತ್ತರ ಬರೆದರು. ಲ್ಯಾಬಿನವರು ಕೊನೆಗೂ ಕಣ್ಣು ತೆರೆದಿರಲ್ಲ ಎಂದು ಬರೆದರು. ಏಳನೇ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಆ ಮೇಲನ್ನು ಹುಡುಗಿಯರಿಗೆ ಓದಿ ಹೇಳಿ, “ನಾನು ಹೇಳಿರಲಿಲ್ವಾ? ಕೆಲಸ ಶುರುವಾಗಿದೆ” ಎಂದರಂತೆ. ಇದು ನಮಗೆ ಗೊತ್ತಾಗಿದ್ದು ಆಮೇಲೆ.

“ಬೇಕಂತಲೇ ಮಾಡಿದ್ರಾ ಭಾವ?” ಎಂದು ನಾನು ಮೆಟ್ಟಿಲ ಹತ್ತಿರ ಹಿಡಿದುಕೊಂಡು ಕೇಳಿದೆ.

“ಅಯ್ಯೋ, ದೇವರಾಣೆ ಇಲ್ಲ” ಎಂದರು. ಒಂದು ಮೆಟ್ಟಿಲು ಇಳಿದು, “ಸೊನ್ನೆ ನೋಡಿದಾಗ ಮಾತ್ರ ಸ್ವಲ್ಪ ಖುಷಿಯಾಯ್ತು” ಎಂದೂ ಸೇರಿಸಿದರು. ನನಗೆ ಮೈಯೆಲ್ಲ ಉರಿಯಿತು, ನಗುವೂ ಬಂತು.

ಬಾಸ್ ಕೂಗಾಡಲಿಲ್ಲ. ನಮ್ಮ ಡೇಟಾಬೇಸ್‌ನವಳನ್ನು ಕರೆದು, ಬದಲಾವಣೆಯ ತಾರೀಖನ್ನು ಬಿಟ್ಟು, ಪ್ರತಿ ಟಿಕೆಟ್‌ನ ಇತಿಹಾಸದಿಂದ ಮನುಷ್ಯರು ಕೊನೆಯ ಸಲ ಏನಾದರೂ ಬರೆದದ್ದು ಯಾವಾಗ, ಅದರ ಸ್ಥಿತಿ ಕೊನೆಯ ಸಲ ಬದಲಾದದ್ದು ಯಾವಾಗ ಎಂದು ತೆಗೆಸಿದರು. ಹಳೆಯದೆಲ್ಲ ಮತ್ತೆ ಹಳೆಯದಾಯಿತು. ಈ ಸಲ ಮೊದಲು ಟಿಕೆಟ್ ಸಂಖ್ಯೆಗಳನ್ನು ಬೇರೆ ಕಡೆ ಉಳಿಸಿಕೊಂಡು, ಆಮೇಲೆ ಮುಟ್ಟಿದೆವು.

ಆ ಪಟ್ಟಿ ನೋಡಿದಾಗ ಒಂದು ಸಂಗತಿ ನನ್ನ ಕಣ್ಣು ಚುಚ್ಚಿತು. ಲೆಕ್ಕಪತ್ರ ವಿಭಾಗದ ಅಧಿಕಾರಿಯೊಬ್ಬರು ತಿಂಗಳು ಹುಟ್ಟಿದರೆ ಸಾಕು, ತಮ್ಮ ಎಲ್ಲ ಟಿಕೆಟ್‌ಗಳ ಮೇಲೂ ‘ಜ್ಞಾಪನೆ’ ಎಂಬ ಒಂದೇ ಪದ ಬರೆದು ಹೋಗುತ್ತಿದ್ದರು. ಪರದೆಯ ಬಣ್ಣ ತಿಳಿನೀಲಿ ಆಗಬೇಕು ಎಂಬುದೂ ಅದರಲ್ಲಿ ಒಂದು. ಅವು ಯಾವುವೂ ವರ್ಷ ಮೀರಿದ ಪಟ್ಟಿಯಲ್ಲಿ ಇರಲಿಲ್ಲ. ಬರೆಯಬೇಡಿ ಎಂದದ್ದಕ್ಕೆ ಸುಮ್ಮನಿದ್ದ ದೊಡ್ಡ ಸಿಸ್ಟರದು ಇತ್ತು.

“ಅತ್ತ ಮಗುವಿಗೇ ಹಾಲು ಅನ್ನೋ ಹಾಗಾಯ್ತಲ್ಲ ಸರ್” ಎಂದೆ ಬಾಸ್ ಹತ್ತಿರ. ಕೋಪ ಬಂದರೆ ನನಗೆ ಬಾಸು ಭಾವ ಎಂಬ ವ್ಯತ್ಯಾಸ ಇರುವುದಿಲ್ಲ. “ಮುಟ್ಟಿಲ್ಲ ಅಂದ್ರೆ ಬೇಡ ಅಂತ ಅರ್ಥ ಅಲ್ಲ. ನಾವೇ ಬಾಯಿ ಮುಚ್ಚಿಸಿರೋರೂ ಇದ್ದಾರೆ ಇದರಲ್ಲಿ.”

“ನಿಜ. ವರ್ಷ ಅನ್ನೋದು ಯಾವುದನ್ನ ಎತ್ತಿ ನೋಡಬೇಕು ಅಂತ ಹೇಳತ್ತೆ ಅಷ್ಟೆ. ಬೇಕೋ ಬೇಡವೋ ಅಂತ ಅವರೇ ಹೇಳಬೇಕು. ಅದಕ್ಕೇ ಎಲ್ಲರಿಗೂ ಹೇಳೋಣ ಅಂದಿದ್ದು” ಎಂದರು ಅವರು. ಪಟ್ಟಿಯನ್ನು ನನ್ನ ಕಡೆ ತಳ್ಳಿ, “ಆ ತಿಳಿನೀಲಿಯನ್ನೂ ಪಟ್ಟಿಗೆ ಸೇರಿಸಿ” ಎಂದರು. ಅವತ್ತಿನಿಂದ ನನಗೆ ಬಾಸ್ ಮೇಲೆ ಗೌರವ ಬಂತು.

ಈಗ ಮೇಲ್ ಬರೆಯಬೇಕು. ಮೊದಲ ಕರಡು ಭಾವನದು. ‘ತಮ್ಮ ಅಮೂಲ್ಯವಾದ ಸಲಹೆಯನ್ನು ಸದ್ಯದ ಪರಿಸ್ಥಿತಿಯಲ್ಲಿ ತಾತ್ಕಾಲಿಕವಾಗಿ ಪಕ್ಕಕ್ಕಿರಿಸಲಾಗಿದ್ದು, ಮುಂದೆ ಅನುಕೂಲವಾದಾಗ’ ಎಂದು ಶುರುವಾಗಿ ಎಲ್ಲಿಯೂ ಮುಗಿಯುತ್ತಿರಲಿಲ್ಲ. ಬಾಸ್ ಅದನ್ನು ಓದಿ, “ಇದನ್ನ ಓದಿದವರು ಕಾಯಬೇಕಾ, ಬೇಡವಾ?” ಎಂದರು. ಭಾವನಿಗೂ ಗೊತ್ತಾಗಲಿಲ್ಲ. ಎರಡನೆಯ ಕರಡು ನನ್ನದು. ಎರಡೇ ಸಾಲು. ಅದನ್ನು ಓದಿದವರು ಕಲ್ಲು ಹಿಡಿದುಕೊಂಡು ಬರುತ್ತಾರೆ ಎಂದು ಡೇಟಾಬೇಸ್‌ನವಳು ಹೇಳಿದಳು.

ಕೊನೆಗೆ ಆದದ್ದು ಹೀಗೆ: ‘ನೀವು ಕೇಳಿದ್ದು ಇವು. ಇವನ್ನು ನಾವು ಮಾಡಲಿಲ್ಲ, ಮಾಡುವ ಯೋಜನೆಯೂ ಇಲ್ಲ. ಇಷ್ಟು ದಿನ ಹೇಳದೆ ಕಾಯಿಸಿದ್ದು ನಮ್ಮ ತಪ್ಪು. ಎರಡು ವಾರದ ನಂತರ ಇವನ್ನು ಮುಚ್ಚುತ್ತೇವೆ. ಇವುಗಳಲ್ಲಿ ಯಾವುದಾದರೂ ಇಂದಿಗೂ ನಿಮ್ಮ ಕೆಲಸಕ್ಕೆ ಅಡ್ಡಿಯಾಗಿದ್ದರೆ ಈ ಮೇಲಿಗೆ ಉತ್ತರಿಸಿ, ಅಥವಾ ಫೋನ್ ಮಾಡಿ; ಕೂತು ಮಾತಾಡುತ್ತೇವೆ. ಮಾತಾಡಿದ ಮಾತ್ರಕ್ಕೆ ಮಾಡುತ್ತೇವೆ ಎಂದು ಮಾತು ಕೊಡಲಾರೆವು.’ ಪ್ರತಿ ಟಿಕೆಟ್‌ನ ಮುಂದೆ ಒಂದು ಸಾಲಿನ ಕಾರಣ. ಒಬ್ಬರಿಗೆ ಎಷ್ಟೇ ಟಿಕೆಟ್ ಇದ್ದರೂ ಒಂದೇ ಮೇಲ್. ಕೆಳಗೆ ಭಾವನ ಹೆಸರು, ಭಾವನ ಫೋನ್ ಸಂಖ್ಯೆ.

ಭಾವ ಆ ಕರಡನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟುಕೊಂಡು ಅದರ ಮುಂದೆ ತಲೆಯ ಮೇಲೆ ಕೈಹೊತ್ತು ಕೂತರು. ಅಕ್ಕ ತಟ್ಟೆ ಇಡಲು ಬಂದವಳು ಕಣ್ಣಾಡಿಸಿದಳು. ಎರಡು ಸಲ ಓದಿದಳು.

“ಚೆನ್ನಾಗಿದೆ. ನನಗೂ ಒಂದು ಕಳಿಸಿ” ಎಂದಳು.

“ನಿನಗ್ಯಾಕೆ?”

“ನಲ್ಲಿ.”

ಅಕ್ಕ ಮಾರನೆಯ ದಿನವೇ ಪ್ಲಂಬರನ್ನು ಕರೆಸಿದಳು. ನಲ್ಲಿಗೆ ಬೇಕಾಗಿದ್ದು ಒಂದು ವಾಷರ್ ಅಂತೆ.

ಮೇಲ್ ಹೋಯಿತು. ಭಾವ ಎರಡು ದಿನ ಫೋನ್ ರಿಂಗಾದಾಗಲೆಲ್ಲ ಕುರ್ಚಿಯಿಂದ ಅರ್ಧ ಎದ್ದು ಕೂರುತ್ತಿದ್ದರು. ಬಂದ ಉತ್ತರಗಳನ್ನು ಕೇಳಿ. ಹೆಚ್ಚಿನವರು ಉತ್ತರವನ್ನೇ ಬರೆಯಲಿಲ್ಲ. ಒಬ್ಬರು, ‘ಇದನ್ನು ಕೇಳಿದ್ದು ನಾನೇ? ಯಾಕೆ ಕೇಳಿದ್ದೆ?’ ಎಂದರು. ಎಕ್ಸ್-ರೇ ವಿಭಾಗದವರು ತಾವೇ ಏನೋ ದಾರಿ ಕಂಡುಕೊಂಡು ವರ್ಷಗಳೇ ಆಗಿದ್ದವು, ಮುಚ್ಚಿ ಎಂದರು. ಹಲವು ಟಿಕೆಟ್‌ಗಳ ಒಡೆಯರು ಕೆಲಸ ಬಿಟ್ಟು ಹೋಗಿದ್ದರು. ಅವನ್ನು ಆಯಾ ವಿಭಾಗದವರಿಗೆ ತೋರಿಸಿ ಕೇಳಿದೆವು. ಕೆಲವರು ಬೇಕೇ ಬೇಕು ಎಂದರು, ಅವರ ಜೊತೆ ಕೂತೆವು, ಅದರಲ್ಲಿ ಕೆಲವನ್ನು ನಿಜಕ್ಕೂ ಕೈಗೆತ್ತಿಕೊಂಡೆವು. ತಿಳಿನೀಲಿಯ ಅಧಿಕಾರಿ ಮಾತ್ರ ನೇರವಾಗಿ ಬಂದು ಭಾವನ ಮೇಜಿನ ಮುಂದೆ ನಿಂತು ಎಗರಾಡಿದರು. ಭಾವ ಎಲ್ಲವನ್ನೂ ಕೇಳಿ, ಕನ್ನಡಕ ಏರಿಸಿ, ಬಾಯಿ ತೆರೆದರು. ನಾನು ಈ ಕಡೆಯಿಂದ ಗಂಟಲು ಸರಿಮಾಡಿಕೊಂಡೆ. ಭಾವ ಬಾಯಿ ಮುಚ್ಚಿದರು. ಅಧಿಕಾರಿ ಸ್ವಲ್ಪ ಹೊತ್ತು ಕಾದು ಹೊರಟುಹೋದರು.

“ನೋಡಿದ್ಯಾ, ಇಲ್ಲ ಅಂದೆ” ಎಂದರು ಭಾವ.

“ಏನೂ ಅನ್ನಲಿಲ್ಲ ನೀವು.”

“ಮನಸ್ಸಲ್ಲಿ ಅಂದೆ.”

ದೊಡ್ಡ ಸಿಸ್ಟರಿಂದ ಮಾತ್ರ ಉತ್ತರ ಬರಲಿಲ್ಲ. ಎರಡು ವಾರ ಮುಗಿಯುತ್ತಾ ಬಂತು. ಭಾವ ದಿನಾ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಕೊನೆಯ ದಿನ ಅವರು, “ಉತ್ತರ ಇಲ್ಲ ಅಂದ್ರೆ ಬೇಡ ಅಂತಲೇ ಇರಬೇಕು, ಅಲ್ವಾ? ನಿಯಮದ ಪ್ರಕಾರ ಮುಚ್ಚಬಹುದು” ಎಂದರು. ಧ್ವನಿಯಲ್ಲಿ ಬಿಡುಗಡೆ ಸಿಕ್ಕವರ ಹಗುರ ಇತ್ತು.

ನನಗೆ ಎಲ್ಲಿತ್ತೋ ಸಿಟ್ಟು. “ನಿಯಮದ ಹಿಂದೆ ಬಚ್ಚಿಟ್ಕೋಬೇಡಿ ಭಾವ. ಬರೀಬೇಡಿ ಅಂತ ಅವರಿಗೆ ಹೇಳಿದ್ದು ನೀವು. ಈಗ ಬರೀಲಿಲ್ಲ ಅಂತ ಮುಚ್ಚೋದೂ ನೀವೇನಾ? ಏಳಿ, ಹೋಗೋಣ” ಎಂದೆ. ಕುರ್ಚಿಯ ಬೆನ್ನಿಗೆ ಕೈ ಹಾಕಿ ನಿಂತೆ. ಎದ್ದರು.

ನಾವು ಏಳನೇ ವಾರ್ಡ್ ತಲುಪಿದಾಗ ಮಧ್ಯಾಹ್ನದ ಶಿಫ್ಟ್ ಬದಲಾಗುವ ಹೊತ್ತು. ನರ್ಸುಗಳ ಮೇಜಿನ ಸುತ್ತ ಬಿಳಿ ಬಟ್ಟೆಯ ಹುಡುಗಿಯರು ಮುತ್ತಿಕೊಂಡಿದ್ದರು. ಎರಡು ಕಂಪ್ಯೂಟರು, ನಾಲ್ಕು ಮಂದಿ. ಒಬ್ಬಳು ಪರದೆ ನೋಡಿ ಹೇಳುತ್ತಾಳೆ, ಇನ್ನೊಬ್ಬಳು ಗೆರೆ ಹಾಕಿದ ಹಾಳೆಯಲ್ಲಿ ಬರೆಯುತ್ತಾಳೆ. ಒಬ್ಬಳು ಕೂರಲು ಜಾಗವಿಲ್ಲದೆ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದಳು. ಅವಳ ಟಿಫಿನ್ ಡಬ್ಬಿ ಕಂಕುಳಲ್ಲೇ ಇತ್ತು.

ದೊಡ್ಡ ಸಿಸ್ಟರ್ ನಮ್ಮನ್ನು ನೋಡಿದ್ದೇ ಮುಖವನ್ನೆಲ್ಲ ಅರಳಿಸಿಕೊಂಡು ಬಂದರು. “ಬನ್ನಿ ಬನ್ನಿ! ನಾನೇ ಬರಬೇಕು ಅಂತಿದ್ದೆ. ಕೆಲಸ ಶುರುವಾಯ್ತಂತೆ, ಮೇಲ್ ಬಂದಿತ್ತು. ಈ ಹುಡುಗೀರಿಗೆಲ್ಲ ಹೇಳಿದ್ದೀನಿ, ಇನ್ನು ಸ್ವಲ್ಪ ದಿನ ತಡ್ಕೊಳ್ಳಿ ಅಂತ.”

ಭಾವ ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ.

“ಅದಾದ ಮೇಲೆ ಇನ್ನೊಂದು ಮೇಲ್ ಬಂದಿತ್ತಲ್ಲ ಸಿಸ್ಟರ್…”

“ಬಂದಿತ್ತು. ಮಾಡೋದಿಲ್ಲ, ಮುಚ್ತೀವಿ ಅಂತ ಏನೇನೋ. ಕೆಳಗೆ ನಿಮ್ಮ ಹೆಸರು ಬೇರೆ! ನಾನು ನಕ್ಕುಬಿಟ್ಟೆ. ನಿಮ್ಮ ಬಾಯಲ್ಲಿ ಅಂಥ ಮಾತು ಬರತ್ತಾ? ಯಾರೋ ಗೊತ್ತಿಲ್ಲದೆ ಕಳಿಸಿದ್ದಾರೆ ಅಂತ ಉತ್ತರಾನೂ ಬರೀಲಿಲ್ಲ.”

ಅಷ್ಟು ಸ್ಪಷ್ಟವಾಗಿ, ಅಷ್ಟು ಜಗಳವಾಡಿ ಬರೆದ ಮೇಲು. ಅದನ್ನು ಆ ಹೆಂಗಸು ನಂಬಿರಲಿಲ್ಲ, ಯಾಕೆಂದರೆ ಭಾವನನ್ನು ನಂಬಿದ್ದರು.

ಭಾವ ಕನ್ನಡಕ ಏರಿಸಿದರು. ತಲೆ ಎಡಕ್ಕೆ ವಾಲಿತು. “ನೋಡೋ—” ಎಂದರು. ಅಲ್ಲಿಗೇ ನಿಂತರು. ಗೋಡೆಗೆ ಹಾಳೆ ಒತ್ತಿ ಬರೆಯುತ್ತಿದ್ದ ಹುಡುಗಿ ಬರೆಯುವುದನ್ನು ನಿಲ್ಲಿಸಿ ಇತ್ತ ತಿರುಗಿದ್ದಳು. ಭಾವ ಕನ್ನಡಕವನ್ನು ತೆಗೆದೇಬಿಟ್ಟರು. ಮುಖ ಕಾಣದಿದ್ದರೆ ಸುಲಭ ಎಂದಿರಬೇಕು.

“ಇಲ್ಲ ಸಿಸ್ಟರ್. ಆ ಮೇಲ್ ನಾನೇ ಕಳಿಸಿದ್ದು. ಆ ಪ್ರಿಂಟ್ ಆಗಲ್ಲ. ಕಂಪನಿಯವರು ಆಗಲ್ಲ ಅಂದಿದ್ದಾರೆ. ಅವರು ಅಂದು ತುಂಬಾ ದಿನ ಆಯ್ತು, ನಿಮಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಮೊದಲು ಬಂದ ಮೇಲ್ ನನ್ನ ಕೈತಪ್ಪು. ಕೆಲಸ ಶುರುವಾಗಿಲ್ಲ. ಆಗೋದೂ ಇಲ್ಲ.”

ಸಿಸ್ಟರ್ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

“ಹೋದ ವರ್ಷ ಸೂಪರಿಂಟೆಂಡೆಂಟ್ ಮೇಡಂ ಎಲ್ಲ ವಾರ್ಡನ್ನೂ ಕೇಳಿದ್ರು” ಎಂದರು. “ಒಂದು ಶಿಫ್ಟ್ ಮುಗಿಯೋ ಮುಂಚೆ ಇನ್ನೊಂದು ಶಿಫ್ಟ್ ಶುರು ಮಾಡ್ತೀವಿ, ವರದಿ ಒಪ್ಪಿಸಿಕೊಳ್ಳೋಕೆ ಅಂತಲೇ ಡ್ಯೂಟಿಯೊಳಗೇ ಸಮಯ ಕೊಡ್ತೀವಿ, ಬೇಕಾ ಅಂತ. ಉಳಿದ ವಾರ್ಡಿನವರೆಲ್ಲ ತಗೊಂಡ್ರು. ನಾನೊಬ್ಬಳೇ ಬೇಡ ಅಂದೆ. ನಮಗೆ ಪ್ರಿಂಟ್ ಬರತ್ತೆ, ಬೇರೆಯವರಿಗೆ ಕೊಡಿ ಅಂದೆ.” ಅವರು ಹುಡುಗಿಯರ ಕಡೆ ನೋಡಿದರು. “ಇವರು ನನ್ನ ಮಾತು ಕೇಳ್ಕೊಂಡು ದಿನಾ ಮುಂಚೆ ಬರ್ತಿದ್ದಾರೆ.”

ಡಬ್ಬಿಯ ಹುಡುಗಿ ಮತ್ತೆ ಗೋಡೆಯ ಕಡೆ ತಿರುಗಿ ಬರೆಯತೊಡಗಿದಳು. ಬರೆಯದೆ ಇನ್ನೇನು ಮಾಡುತ್ತಾಳೆ, ಶಿಫ್ಟು ಕಾಯುವುದಿಲ್ಲವಲ್ಲ.

ಭಾವನನ್ನು ನಾನು ಮನೆಯಲ್ಲೂ ಆಫೀಸಿನಲ್ಲೂ ಎಲ್ಲ ಥರದಲ್ಲೂ ಕಂಡಿದ್ದೇನೆ. ಆ ಮುಖ ಮಾತ್ರ ಕಂಡಿರಲಿಲ್ಲ. “ಏಳಿ ಸಿಸ್ಟರ್” ಎಂದರು. ನಾನು ಅವರನ್ನು ಎಬ್ಬಿಸಿದ್ದೂ ಹೀಗೆಯೇ. “ಮೇಡಂ ಹತ್ರ ಹೋಗೋಣ. ಈಗಲೇ.”

ನರ್ಸಿಂಗ್ ಸೂಪರಿಂಟೆಂಡೆಂಟ್ ಕೋಣೆಯಲ್ಲಿ ಗೋಡೆ ತುಂಬ ಡ್ಯೂಟಿ ಚಾರ್ಟುಗಳು. ಮೇಡಂ ನಮ್ಮ ಮೂವರನ್ನು ನೋಡಿ, ಪೆನ್ನಿನ ಕ್ಯಾಪು ಹಾಕದೆ, “ಏನು?” ಎಂದರು. ಭಾವ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ನಾನು ಅವರ ಬಾಯಲ್ಲಿ ಅಷ್ಟು ಉದ್ದ, ಅಷ್ಟು ನೇರ ಮಾತು ಕೇಳಿದ್ದು ಅದೇ ಮೊದಲು.

“ಆವತ್ತು ಕೇಳಿದಾಗ ನಿಮ್ಮ ವಾರ್ಡೇ ಬೇಡ ಅಂದಿದ್ದಲ್ವಾ?” ಎಂದು ಮೇಡಂ ಸಿಸ್ಟರನ್ನು ಕೇಳಿದರು.

“ಅವರು ಬೇಡ ಅಂದಿದ್ದು ನನ್ನ ಮಾತಿನ ಮೇಲೆ ಮೇಡಂ” ಎಂದರು ಭಾವ. “ನಾನು ನಿಜ ಹೇಳಿದ್ದಿದ್ರೆ ಅವರು ಹೂಂ ಅಂತಿದ್ರು. ತಪ್ಪು ಅವರ ಲೆಕ್ಕಕ್ಕೆ ಬರೀಬೇಡಿ, ನನ್ನ ಲೆಕ್ಕಕ್ಕೆ ಬರ್ಕೊಳ್ಳಿ.”

ಮೇಡಂ ಗೋಡೆಯ ಚಾರ್ಟಿನ ಕಡೆ ನೋಡಿದರು. ಗಡಿಯಾರ ನೋಡಿದರು. ತಲೆ ಸ್ವಲ್ಪ ವಾಲಿಸಿ, “ಈಗ ಎಲ್ಲರ ಡ್ಯೂಟಿನೂ ಹಾಕಿ ಆಗಿದೆ. ಆಯ್ತು, ನೋಡೋಣ” ಎಂದರು.

ನನಗೆ ತಡೆಯಲಾರದಷ್ಟು ನಗು ಬಂತು. ತುಟಿ ಕಚ್ಚಿಕೊಂಡೆ. ಸಿಸ್ಟರ್ ಆಗಲೇ ಬಾಗಿಲ ಕಡೆ ತಿರುಗಿದ್ದರು, ‘ನೋಡೋಣ’ ಕೇಳಿ ಅಭ್ಯಾಸವಾದವರು. ಭಾವ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

“ನೋಡೋಣ ಅನ್ಬೇಡಿ ಮೇಡಂ” ಎಂದರು. “ಆ ಮಾತು ಏನು ಮಾಡತ್ತೆ ಅಂತ ನನಗೆ ಗೊತ್ತು. ಆಗತ್ತೆ ಅಂದ್ರೆ ಆಗತ್ತೆ ಅನ್ನಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಸಿಸ್ಟರ್ ಇಲ್ಲೇ ಇದ್ದಾರೆ, ಅವರ ಎದುರಿಗೇ ಹೇಳಿಬಿಡಿ.”

ಮೇಡಂ ಅವರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಕಂಪ್ಯೂಟರ್ ವಿಭಾಗದ ನೋಡೋಣಪ್ಪ ಎಂದು ಇಡೀ ಆಸ್ಪತ್ರೆಗೆ ಗೊತ್ತಿದ್ದ ಮನುಷ್ಯ. ಪೆನ್ನಿಗೆ ಕ್ಯಾಪು ಹಾಕಿದರು. ಎದ್ದು ಹೋಗಿ ಏಳನೇ ವಾರ್ಡಿನ ಚಾರ್ಟಿನ ಮುಂದೆ ನಿಂತು, ಬೆರಳು ಓಡಿಸುತ್ತಾ ಏನೋ ಲೆಕ್ಕ ಹಾಕಿದರು.

“ಈ ತಿಂಗಳು ಆಗಲ್ಲ” ಎಂದರು. “ಮುಂದಿನ ಚಾರ್ಟಿಂದ ಹಾಕ್ತೀನಿ. ಅರ್ಧ ಗಂಟೆ ಸಿಗಲ್ಲ. ಇಪ್ಪತ್ತು ನಿಮಿಷ.”

“ಇಪ್ಪತ್ತು ಸಾಕು” ಎಂದರು ಸಿಸ್ಟರ್.

ಹೊರಗೆ ಬಂದಾಗ ಭಾವ ಕನ್ನಡಕ ಒರೆಸುತ್ತಾ ನಿಂತರು, ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ. ಸಿಸ್ಟರ್ ನಾಲ್ಕು ಹೆಜ್ಜೆ ಮುಂದೆ ಹೋದವರು ವಾಪಸ್ಸು ಬಂದರು.

“ನೀವು ತುಂಬಾ ಒಳ್ಳೆಯವರು ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡ್ತಿದ್ದೆ” ಎಂದರು. “ಇನ್ಮೇಲೆ ಹಾಗೆ ಹೇಳಲ್ಲ. ಆದ್ರೆ ನೀವು ಏನಾದ್ರೂ ಬರೆದು ಕಳಿಸಿದ್ರೆ ನಂಬ್ತೀನಿ.”

ಭಾವ ಆಯಿತು ಎನ್ನುವಂತೆ ತಲೆ ಆಡಿಸಿದರು. ಮೇಜಿಗೆ ವಾಪಸ್ಸು ಬಂದು ಆ ಟಿಕೆಟನ್ನು ತೆರೆದು, ಸಿಸ್ಟರಿಗೂ ಕಾಣುವ ಜಾಗದಲ್ಲಿ ಕಾರಣ ಬರೆದು, ತಮ್ಮ ಕೈಯಿಂದಲೇ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಫೋನ್ ರಿಂಗಾಯಿತು. ಲ್ಯಾಬಿನವರು. ಭಾವ ಕೊನೆಯವರೆಗೂ ಕೇಳಿಸಿಕೊಂಡು, “ಇಲ್ಲ” ಎಂದರು. ಆ ಕಡೆಯವರಿಗೆ ಕೇಳಿಸಲಿಲ್ಲವೋ, ನಂಬಿಕೆ ಬರಲಿಲ್ಲವೋ, ಇನ್ನೊಂದು ಸಲ ಹೇಳಬೇಕಾಯಿತು.